ಲಾತೂರಿನ ನೀರಿನ ರೈಲು: ಅಧಿಕಾರಿ ‘ಸಾಕು’ ಅಂದಿದ್ದೆಲ್ಲಿ?

2016ರ ಏಪ್ರಿಲ್ 12ರ ಬೆಳಗ್ಗೆ ಮಹಾರಾಷ್ಟ್ರದ ಲಾತೂರು ಸ್ಟೇಷನ್ನಿಗೆ ಒಂದು ಗೂಡ್ಸ್ ರೈಲು ಬಂತು. ಹತ್ತು ಟ್ಯಾಂಕ್ ವ್ಯಾಗನ್, ಒಂದೊಂದರಲ್ಲೂ ಸುಮಾರು 50 ಸಾವಿರ ಲೀಟರ್ ಕುಡಿಯುವ ನೀರು. ಒಟ್ಟು 5 ಲಕ್ಷ ಲೀಟರ್. ಸುಮಾರು 340 ಕಿಲೋಮೀಟರ್ ದೂರದ ಮಿರಜ್‌ನಿಂದ ಹೊರಟಿತ್ತು. ಸ್ಟೇಷನ್ ಹತ್ತಿರದ ಒಂದು ದೊಡ್ಡ ಬಾವಿಗೆ ನೀರು ಬಿಟ್ಟರು. ಊರಲ್ಲಿ ಎಷ್ಟು ಪೈಪೋಟಿ ಇತ್ತೆಂದರೆ, ಮಾರ್ಚ್‌ನಲ್ಲೇ ಟ್ಯಾಂಕರ್ ತುಂಬಿಸುವ ಜಾಗಗಳ ಸುತ್ತ 144ನೇ ಸೆಕ್ಷನ್ ಹಾಕಿದ್ದರು. ಐದಕ್ಕಿಂತ ಜಾಸ್ತಿ ಜನ ಅಲ್ಲಿ ಗುಂಪು ಸೇರುವಂತಿರಲಿಲ್ಲ.

ಆಗಸ್ಟ್‌ವರೆಗೆ ಆ ರೈಲು 111 ಸಲ ಬಂದು ಹೋಯಿತು. 25 ಕೋಟಿ ಲೀಟರಿಗಿಂತ ಜಾಸ್ತಿ ನೀರು ಸಾಗಿಸಿತು. ಇದನ್ನು ‘ಜಲದೂತ’ ಅಂತ ಹೊಗಳಿದವರಿದ್ದಾರೆ, ‘ರೈಲಲ್ಲಿ ನೀರು ತರೋದು ಹುಚ್ಚಾಟ’ ಅಂತ ಬೈದವರೂ ಇದ್ದಾರೆ. ನನಗೆ ಕುತೂಹಲ ಇರುವುದು ಬೇರೆ ವಿಷಯದಲ್ಲಿ. ಅಷ್ಟು ದಾರಿಗಳ ನಡುವೆ ಇದೇ ಯಾಕೆ ಆಯ್ಕೆಯಾಯಿತು? ಇದು ಅತ್ಯುತ್ತಮ ದಾರಿ ಅಂತ ಯಾರಾದರೂ ಲೆಕ್ಕ ಹಾಕಿ ತೋರಿಸಿದರಾ? ಹಾಗೆ ಹಾಕಿದ ಲೆಕ್ಕ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥ ಲೆಕ್ಕ ಸಾಧ್ಯವೂ ಇರಲಿಲ್ಲ ಅನ್ನುವುದು ನನ್ನ ವಾದ.

ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸ 1947ರಲ್ಲಿ ಆಡಳಿತದ ನಡವಳಿಕೆಯ ಬಗ್ಗೆ ಒಂದು ಪುಸ್ತಕ ಬರೆದರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕಚೇರಿಗಳಲ್ಲಿ ನಿರ್ಧಾರ ನಿಜಕ್ಕೂ ಹೇಗೆ ಆಗುತ್ತದೆ ಅನ್ನುವ ಹುಳ ಅವರ ತಲೆಗೆ ಹೊಕ್ಕಿದ್ದು ಇನ್ನೂ ಕಾಲೇಜಿನಲ್ಲಿದ್ದಾಗ, 1935ರಲ್ಲಿ, ತಮ್ಮ ಊರು ಮಿಲ್ವಾಕಿಯಲ್ಲಿ. ಅಲ್ಲಿ ಮಕ್ಕಳ ಆಟದ ಮೈದಾನಗಳನ್ನು ಶಾಲಾ ಮಂಡಳಿ ಮತ್ತು ನಗರದ ಲೋಕೋಪಯೋಗಿ ಇಲಾಖೆ ಸೇರಿ ನೋಡಿಕೊಳ್ಳುತ್ತಿದ್ದವು. ಇದ್ದ ದುಡ್ಡಲ್ಲಿ ಮೈದಾನದ ನಿರ್ವಹಣೆಗೆ ಎಷ್ಟು, ಆಟ ಆಡಿಸುವ ಸಿಬ್ಬಂದಿಗೆ ಎಷ್ಟು ಅಂತ ಯಾವಾಗಲೂ ಜಗಳ. ಅರ್ಥಶಾಸ್ತ್ರದ ಪಾಠದ ಪ್ರಕಾರ ಇದು ಸುಲಭ. ಇನ್ನೊಂದು ಡಾಲರ್ ಎಲ್ಲಿ ಹಾಕಿದರೆ ಜಾಸ್ತಿ ಲಾಭವೋ ಅಲ್ಲಿ ಹಾಕಬೇಕು. ಆದರೆ ಆ ಕಚೇರಿಗಳಲ್ಲಿ ಹಾಗೆ ಯೋಚನೆ ಮಾಡುವವರು ಒಬ್ಬರೂ ಸಿಗಲಿಲ್ಲ. ಲಾಭವನ್ನು ಅಳೆಯುವ ದಾರಿಯೇ ಇರಲಿಲ್ಲ. ಒಂದು ಕಡೆಯವರಿಗೆ ಹುಲ್ಲು, ಬೇಲಿ ಕಾಣುತ್ತಿತ್ತು. ಇನ್ನೊಂದು ಕಡೆಯವರಿಗೆ ಮಕ್ಕಳು ಕಾಣುತ್ತಿದ್ದರು.

ಅಲ್ಲಿಂದ ಹುಟ್ಟಿದ ಮಾತು ‘ಸೀಮಿತ ವಿವೇಚನೆ’. ಮನುಷ್ಯ ಯೋಚಿಸಿಯೇ ಕೆಲಸ ಮಾಡುತ್ತಾನೆ. ಆದರೆ ಅವನಿಗೆ ಸಿಗುವ ಮಾಹಿತಿ, ಸಮಯ, ಗಮನ ಎಲ್ಲಕ್ಕೂ ಮಿತಿ ಇದೆ. ಹಾಗಾಗಿ ಇರುವ ಎಲ್ಲ ದಾರಿಗಳನ್ನು ಸಾಲಾಗಿ ಇಟ್ಟು ತೂಗುವುದಿಲ್ಲ. ‘ಇಷ್ಟಾದರೆ ಸಾಕು’ ಅಂತ ಒಂದು ಮಟ್ಟ ಮನಸ್ಸಲ್ಲಿ ಇಟ್ಟುಕೊಂಡು ಒಂದೊಂದೇ ದಾರಿ ನೋಡುತ್ತಾ ಹೋಗುತ್ತಾನೆ. ಆ ಮಟ್ಟ ಮುಟ್ಟುವ ಮೊದಲ ದಾರಿ ಸಿಕ್ಕ ಕೂಡಲೇ ಹುಡುಕಾಟ ನಿಲ್ಲುತ್ತದೆ. ಯಾವುದೂ ಸಿಗದಿದ್ದರೆ ಮಟ್ಟವೇ ಕೆಳಗಿಳಿಯುತ್ತದೆ. ಈ ಕೊನೆಯ ಮಾತು ನೆನಪಿರಲಿ, ಲಾತೂರಿನ ಕಥೆಯಲ್ಲಿ ಅದೇ ಮುಖ್ಯ.

ಲಾತೂರು ನಮ್ಮ ಬೀದರ್ ಜಿಲ್ಲೆಯ ಪಕ್ಕದ ಜಿಲ್ಲೆ. 2011ರ ಜನಗಣತಿ ಪ್ರಕಾರ ನಗರದಲ್ಲಿ 3.8 ಲಕ್ಷ ಜನ. 2016ರ ಹೊತ್ತಿಗೆ ಸುಮಾರು 5 ಲಕ್ಷ ಅನ್ನುತ್ತಿದ್ದರು. ಊರಿಗೆ ನೀರು ಬರುತ್ತಿದ್ದದ್ದು ಮಾಂಜರಾ ಅಣೆಕಟ್ಟೆಯಿಂದ. ಮಳೆ ಸಾಲುಸಾಲಾಗಿ ಕೈಕೊಟ್ಟು ಆ ವರ್ಷ ಅದು ಬತ್ತಿತು. ನಲ್ಲಿ ನಿಂತಿತು. ಟ್ಯಾಂಕರ್ ಶುರುವಾಯಿತು.

ಈಗ ಜಿಲ್ಲಾಡಳಿತದ ಜಾಗದಲ್ಲಿ ಕೂತು ನೋಡಿ. ಎದುರಿಗೆ ಯಾವ ದಾರಿಗಳಿದ್ದವು? ಉಜನಿ ಅಣೆಕಟ್ಟೆಯಿಂದ ಪೈಪ್‌ಲೈನ್ ತರುವ ಬೇಡಿಕೆ ಹಳೆಯದು. ದೊಡ್ಡ ದುಡ್ಡು, ವರ್ಷಗಟ್ಟಲೆ ಕೆಲಸ. ಈ ಬೇಸಿಗೆಗೆ ಅದು ಲೆಕ್ಕಕ್ಕೇ ಇಲ್ಲ. ಹೊಸ ಬೋರ್ ಕೊರೆಸಬಹುದು, ಆದರೆ ಅಂತರ್ಜಲ ಪಾತಾಳಕ್ಕೆ ಹೋಗಿದೆ. ಹತ್ತಿರದ ಬ್ಯಾರೇಜ್‌ಗಳಲ್ಲಿ ಉಳಿದಿರುವ ನೀರನ್ನು ಟ್ಯಾಂಕರ್‌ನಲ್ಲಿ ತರಬಹುದು. ಅದನ್ನು ತಂದರು. ಆದರೆ ಅದು ಎಷ್ಟು ದಿನ ಬರುತ್ತದೆ? ಊರೊಳಗಿನ ಹಳೆಯ ಪೈಪುಗಳ ಸೋರಿಕೆ ನಿಲ್ಲಿಸಬಹುದು. ಒಳ್ಳೆಯ ಕೆಲಸವೇ, ಆದರೆ ಪೈಪಿನಲ್ಲಿ ನೀರೇ ಇಲ್ಲದಾಗ ಸೋರಿಕೆ ತಡೆದು ಮಾಡುವುದೇನು? ಕಬ್ಬಿಗೆ ಹೋಗುವ ನೀರಿಗೆ ಕಡಿವಾಣ ಹಾಕಬಹುದು. ಅದು ಜಿಲ್ಲಾಧಿಕಾರಿ ಮೇಜಿನ ಮೇಲೆ ಮುಗಿಯುವ ವಿಷಯ ಅಲ್ಲ, ಅದರ ಹಿಂದೆ ಸಕ್ಕರೆ ಕಾರ್ಖಾನೆಗಳಿವೆ, ರೈತರಿದ್ದಾರೆ, ಚುನಾವಣೆಗಳಿವೆ. ಜನರನ್ನೇ ಬೇರೆ ಕಡೆ ಕಳಿಸುವ ಮಾತನ್ನು ಯಾವ ಅಧಿಕಾರಿಯೂ ಕಡತದಲ್ಲಿ ಬರೆಯುವುದಿಲ್ಲ.

ಗಮನಿಸಿ, ಇಲ್ಲಿ ಯಾವ ದಾರಿಯೂ ‘ಇದಕ್ಕಿಂತ ಅದು ಅಗ್ಗ’ ಅಂತ ಬಿದ್ದುಹೋಗಲಿಲ್ಲ. ‘ಮೇ ತಿಂಗಳೊಳಗೆ ಆಗಲ್ಲ’, ‘ನಮ್ಮ ಕೈಯಲ್ಲಿಲ್ಲ’, ‘ನೀರೇ ಇಲ್ಲ’ ಅನ್ನುವ ಕಾರಣಕ್ಕೆ ಬಿತ್ತು. ಹೋಲಿಕೆ ಮಾಡಲು ಒಂದೇ ತಕ್ಕಡಿ ಬೇಕು. ಇಲ್ಲಿದ್ದದ್ದು ಜರಡಿ.

ಜರಡಿಯಲ್ಲಿ ಉಳಿದದ್ದು ರೈಲು. ಅದೂ ಹೊಸ ಆಲೋಚನೆಯೇನಲ್ಲ. ಗುಜರಾತಿನ ರಾಜಕೋಟ್‌ಗೆ 1986ರಲ್ಲೇ ರೈಲಿನಲ್ಲಿ ನೀರು ತಂದಿದ್ದರು. ರಾಜಸ್ಥಾನದ ಪಾಲಿಗೆ ಜೋಧಪುರದಿಂದ ನೀರಿನ ರೈಲು ಓಡಿದ್ದುಂಟು. ಹುಡುಕಾಟ ಯಾವಾಗಲೂ ಹೀಗೇ ನಡೆಯುತ್ತದೆ. ಮೊದಲು ಮಾಡಿದ್ದರ ಹತ್ತಿರದಲ್ಲೇ ಕೈಯಾಡಿಸುತ್ತಾರೆ. ಹಳೆಯ ನಿದರ್ಶನ ಇದ್ದರೆ ಕಡತ ಅರ್ಧ ಗೆದ್ದ ಹಾಗೆ. ನಾನು ಕೆಲವು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವ ಕೆಲಸ ಮಾಡಿದ್ದೇನೆ. ಟಿಪ್ಪಣಿ ಮೇಲೆ ಹೋದಾಗ ಸಾಹೇಬರು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಇದು ಒಳ್ಳೇದಾ’ ಅಂತ ಇರುತ್ತಿರಲಿಲ್ಲ. ‘ಹಿಂದೆ ಎಲ್ಲಾದ್ರೂ ಮಾಡಿದಾರೇನ್ರೀ?’ ಅಂತ ಇರುತ್ತಿತ್ತು. ಮೂರು ಪರ್ಯಾಯ ತೋರಿಸಿ ಅಂದರೆ ನಾವೂ ತೋರಿಸುತ್ತಿದ್ದೆವು. ಅದರಲ್ಲಿ ಎರಡನ್ನು ತಿರಸ್ಕಾರ ಆಗಲಿ ಅಂತಲೇ ಬರೆಯುತ್ತಿದ್ದೆವು, ಅದು ಬೇರೆ ಮಾತು.

ರೈಲು ಅಂದ ಮೇಲೆ ನೀರು ಎಲ್ಲಿಂದ? ಪಂಢರಪುರದ ಹೆಸರೂ ಓಡಾಡಿತ್ತು. ದೂರ ನೋಡಿದರೆ ಅದೇ ಹತ್ತಿರ. ಆದರೂ ಮಿರಜ್ ಗೆದ್ದಿತು. ಮಿರಜ್ ದೊಡ್ಡ ಜಂಕ್ಷನ್, ಪಕ್ಕದಲ್ಲೇ ಕೃಷ್ಣಾ ನದಿ. ಅಲ್ಲಿ ರೈಲ್ವೆಯದೇ ನೀರು ಶುದ್ಧೀಕರಣ ಘಟಕ ಇತ್ತು. ಅಲ್ಲಿಂದ ಸ್ಟೇಷನ್ನಿಗೆ ಎರಡೂವರೆ ಕಿಲೋಮೀಟರಿನಷ್ಟು ದೊಡ್ಡ ಪೈಪ್ ಎಳೆದರೆ ಪೂರ್ತಿ ರೈಲು ತುಂಬಿಸಬಹುದು. ನೀರು ಶುದ್ಧ ಮಾಡುವ ವ್ಯವಸ್ಥೆ ರೆಡಿ ಇರುವ ಕಡೆಯಿಂದ ತಂದರೆ ದಾರಿ ಉದ್ದವಾದರೂ ತಲೆನೋವು ಕಮ್ಮಿ. ಇನ್ನೊಂದು ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಿರಜ್‌ನಿಂದ ಪಂಢರಪುರ, ಕುರ್ಡುವಾಡಿ ಮೇಲೆ ಲಾತೂರಿಗೆ ಹೋಗುವುದು ಹಿಂದಿನ ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಗೇಜಿನ ಹಳಿ. ಅದು ಪೂರ್ತಿ ಬ್ರಾಡ್‌ಗೇಜ್ ಆದದ್ದು ಈ ಬರಕ್ಕೆ ಕೆಲವೇ ವರ್ಷ ಮೊದಲು. ಹಳೆಯ ಗೇಜೇ ಇದ್ದಿದ್ದರೆ ಈ ದಾರಿ ಯಾರ ತಲೆಗೂ ಬರುತ್ತಿರಲಿಲ್ಲ. ಅಧಿಕಾರಿ ಮುಂದಿರುವ ಆಯ್ಕೆಗಳ ಪಟ್ಟಿ ಬೇರೆ ಯಾರೋ, ಬೇರೆ ಯಾವುದೋ ಕಾರಣಕ್ಕೆ, ಬೇರೆ ಯಾವಾಗಲೋ ಮಾಡಿಟ್ಟ ಕೆಲಸಗಳಿಂದ ತಯಾರಾಗಿರುತ್ತದೆ.

ಟ್ಯಾಂಕ್ ವ್ಯಾಗನ್‌ಗಳು ಸಿಕ್ಕಿದ್ದು ರಾಜಸ್ಥಾನದ ಕೋಟಾ ವರ್ಕ್‌ಶಾಪಿನಲ್ಲಿ. ಒಳಗೆ ಹಬೆ ಹಾಯಿಸಿ ತೊಳೆದು, ಕುಡಿಯುವ ನೀರಿಗೆ ಯೋಗ್ಯ ಮಾಡಿ ಕಳಿಸಿದರು. 50 ವ್ಯಾಗನ್‌ಗಳ ಎರಡು ರೇಕ್. ಶುರುವಿನಲ್ಲಿ 10 ವ್ಯಾಗನ್ ಮಾತ್ರ ಓಡಿಸಿದರು. ಮಿರಜ್‌ನ ಪೈಪ್ ಕೆಲಸ ಮುಗಿದ ಮೇಲೆ, ಏಪ್ರಿಲ್ 20ರ ಸುಮಾರಿಗೆ, 50 ವ್ಯಾಗನ್‌ಗಳ ಪೂರ್ತಿ ರೈಲು, ಅಂದರೆ 25 ಲಕ್ಷ ಲೀಟರ್ ಬರತೊಡಗಿತು.

ಇಲ್ಲಿ ಸ್ವಲ್ಪ ನಿಂತು ಒಂದು ಲೆಕ್ಕ ಮಾಡೋಣ.

ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಅನ್ನುವುದು ನಮ್ಮ ದೇಶದ ಇಂಜಿನಿಯರುಗಳು ಹಿಡಿಯುವ ಲೆಕ್ಕ. 5 ಲಕ್ಷ ಜನಕ್ಕೆ ಅದು ದಿನಕ್ಕೆ 6 ಕೋಟಿ 75 ಲಕ್ಷ ಲೀಟರ್ ಆಗುತ್ತದೆ. ಪೂರ್ತಿ ರೈಲು ತರುತ್ತಿದ್ದದ್ದು 25 ಲಕ್ಷ. ನೂರಕ್ಕೆ ನಾಲ್ಕು ಪಾಲೂ ಇಲ್ಲ. ತಲೆಗೆ ಹಂಚಿದರೆ ದಿನಕ್ಕೆ 5 ಲೀಟರ್. ಒಂದು ಸಣ್ಣ ಬಿಂದಿಗೆಯೂ ತುಂಬುವುದಿಲ್ಲ. ಮೊದಲ ದಿನಗಳ 10 ವ್ಯಾಗನ್ ರೈಲಿನಲ್ಲಿ ತಲೆಗೆ ಸಿಗುತ್ತಿದ್ದದ್ದು 1 ಲೀಟರ್, ಒಂದು ಬಾಟಲಿ.

ಹಾಗಾದರೆ ಇದು ‘ಸಾಕು’ ಆದದ್ದು ಹೇಗೆ? ಸೈಮನ್ ಹೇಳಿದ ಮಟ್ಟ ಇಳಿಯುವ ಆಟ ಇಲ್ಲಿ ಕಣ್ಣಿಗೆ ಕಾಣುತ್ತದೆ. ಮಾಂಜರಾ ತುಂಬಿದ್ದಾಗ ಜನ ನಲ್ಲಿ ದಿನಾ ಬರಲಿ ಅನ್ನುತ್ತಿದ್ದರು. ನೀರು ಕಮ್ಮಿಯಾದಾಗ ವಾರಕ್ಕೊಮ್ಮೆ ಬಂದರೂ ಸರಿ. ಆಮೇಲೆ ಟ್ಯಾಂಕರ್ ಬಂದರೆ ಸಾಕು. ಏಪ್ರಿಲ್ ಹೊತ್ತಿಗೆ ಉಳಿದ ಗುರಿ ಒಂದೇ. ಕುಡಿಯಲು ಮತ್ತು ಅಡುಗೆಗೆ ನೀರಿರಬೇಕು, ನೀರಿಗಾಗಿ ಬೀದಿಯಲ್ಲಿ ಹೊಡೆದಾಟ ಆಗಬಾರದು. ಆ ಗುರಿಗೆ 5 ಲೀಟರ್ ಹತ್ತಿರ ಬರುತ್ತದೆ, ಮಿಕ್ಕಿದ್ದಕ್ಕೆ ಟ್ಯಾಂಕರ್ ಮತ್ತು ಉಳಿದಿರುವ ಬೋರ್‌ಗಳು. ಸ್ನಾನ, ಬಟ್ಟೆ, ಆಸ್ಪತ್ರೆ, ಹೋಟೆಲು, ದನಕರು ಎಲ್ಲ ಗುರಿಯಿಂದ ಹೊರಗೆ ಬಿದ್ದವು. ಯಾರೂ ಸಭೆ ಕರೆದು ‘ಇವತ್ತಿಂದ ಗುರಿ ಇಳಿಸಿದ್ದೇವೆ’ ಅಂತ ಹೇಳಿದ್ದಲ್ಲ. ಕೈಗೆ ಸಿಕ್ಕಿದ ದಾರಿಗೆ ತಕ್ಕ ಹಾಗೆ ಗುರಿ ತಾನೇ ಕುಗ್ಗಿತು.

ಇದಕ್ಕೆ ಇನ್ನೊಂದು ಬಲ ಕೊಟ್ಟದ್ದು ಕಾಲದ ಅಂದಾಜು. ಮೊದಲ ರೈಲು ಬಂದ ಏಪ್ರಿಲ್ 12ರಂದೇ ಹವಾಮಾನ ಇಲಾಖೆ ಆ ವರ್ಷದ ಮುಂಗಾರಿನ ಮುನ್ಸೂಚನೆ ಕೊಟ್ಟಿತು. ದೇಶಕ್ಕೆ ವಾಡಿಕೆಯ 106 ಶೇಕಡಾ ಮಳೆ ಅಂತ. ಅಂದರೆ ದಾಟಬೇಕಾದದ್ದು ಎರಡು ಮೂರು ತಿಂಗಳು ಮಾತ್ರ ಅನ್ನುವ ಲೆಕ್ಕಕ್ಕೆ ಆಧಾರ ಸಿಕ್ಕಿತು. ಸಮಸ್ಯೆ ‘ಲಾತೂರಿನ ನೀರು’ ಅಂತ ಇದ್ದದ್ದು ‘ಜೂನ್ ಕೊನೆಯವರೆಗಿನ ನೀರು’ ಅಂತ ಚಿಕ್ಕದಾಯಿತು. ಚಿಕ್ಕದಾದ ಸಮಸ್ಯೆಗೆ ರೈಲು ಒಪ್ಪುವ ಉತ್ತರ. ದೊಡ್ಡ ಸಮಸ್ಯೆಗೆ ಅದು ಉತ್ತರವೇ ಅಲ್ಲ. ಎರಡೂ ಮಾತು ಒಟ್ಟಿಗೆ ನಿಜ, ಅದಕ್ಕೇ ಹೊಗಳಿದವರೂ ಬೈದವರೂ ಇಬ್ಬರೂ ಸರಿ ಅನ್ನಿಸುತ್ತಾರೆ.

ದುಡ್ಡಿನ ವಿಷಯಕ್ಕೆ ಬರೋಣ. ಮೇ ತಿಂಗಳಲ್ಲಿ ರೈಲ್ವೆ ಸುಮಾರು 4 ಕೋಟಿ ರೂಪಾಯಿಯ ಬಿಲ್ ಕಳಿಸಿತು. ಆವರೆಗೆ ಸಾಗಿಸಿದ್ದು ಸುಮಾರು 6.2 ಕೋಟಿ ಲೀಟರ್. ಲೀಟರಿಗೆ 65 ಪೈಸೆ ಬೀಳುತ್ತದೆ. ಅದು ಪೇಪರಿನಲ್ಲಿ ಬಂದಾಗ ದೊಡ್ಡ ಗದ್ದಲ ಆಯಿತು, ಬಾಯಾರಿದವರಿಗೆ ಬಿಲ್ ಕೊಡುತ್ತಾರಾ ಅಂತ. ಜಿಲ್ಲಾಡಳಿತವೇ ಕೇಳಿತ್ತು, ಕಳಿಸಿದ್ದೇವೆ, ಕಟ್ಟುವುದೋ ಮನ್ನಾ ಕೇಳುವುದೋ ಅವರಿಗೆ ಬಿಟ್ಟದ್ದು ಅಂತ ರೈಲ್ವೆ ಹೇಳಿತು. ನನಗೆ ಇಲ್ಲಿ ಕುತೂಹಲದ ಅಂಶ ಬಿಲ್ಲಿನ ಮೊತ್ತವಲ್ಲ, ಬಿಲ್ ಬಂದ ಸಮಯ. ರೈಲು ಓಡಲು ಶುರುವಾಗಿ ತಿಂಗಳಾದ ಮೇಲೆ ಬೆಲೆ ಎಷ್ಟು ಅನ್ನುವುದು ಊರಿಗೆಲ್ಲ ಗೊತ್ತಾಯಿತು. ಅತ್ಯುತ್ತಮ ದಾರಿ ಹುಡುಕುವವನು ಮೊದಲು ಬೆಲೆ ಕೇಳುತ್ತಾನೆ. ‘ಸಾಕು’ ಅನ್ನುವ ದಾರಿ ಹುಡುಕುವವನಿಗೆ ಬೆಲೆ ಇಂತಿಷ್ಟರ ಒಳಗಿದ್ದರೆ ಆಯಿತು, ಅಥವಾ ಆ ಬೆಲೆಯನ್ನು ಬೇರೆಯವರು ಹೊತ್ತರೆ ಆಯಿತು. ಅಂಗಡಿಯಲ್ಲಿ ದರ ಕೇಳುವ ನಾವೇ ಆಂಬುಲೆನ್ಸ್‌ನವನ ಹತ್ತಿರ ಚೌಕಾಶಿ ಮಾಡುವುದಿಲ್ಲ, ಅಲ್ವಾ?

65 ಪೈಸೆ ದುಬಾರಿಯೋ ಅಗ್ಗವೋ? ಯಾವುದಕ್ಕೆ ಹೋಲಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. 10 ಸಾವಿರ ಲೀಟರಿನ ಟ್ಯಾಂಕರ್ ಲಾರಿಯಲ್ಲಿ ಅದೇ 25 ಲಕ್ಷ ಲೀಟರ್ ಮಿರಜ್‌ನಿಂದ ತರಬೇಕಾದರೆ ದಿನಕ್ಕೆ 250 ಲೋಡ್ ಬೇಕು. ಹೋಗಿ ಬರಲು 600 ಕಿಲೋಮೀಟರಿಗೂ ಜಾಸ್ತಿ. ಅದರ ಮುಂದೆ ರೈಲು ಎಷ್ಟೋ ಮೇಲು. ಆದರೆ ಬ್ಯಾರೇಜಿನ ನೀರನ್ನು ಡಿಸೆಂಬರಿನಲ್ಲೇ ಕುಡಿಯುವುದಕ್ಕೆ ಮಾತ್ರ ಅಂತ ಎತ್ತಿಟ್ಟಿದ್ದರೆ? ಆ ಹೋಲಿಕೆಯಲ್ಲಿ ರೈಲು ಸೋಲಬಹುದು. ಏಪ್ರಿಲಿನಲ್ಲಿ ಆ ದಾರಿ ಮುಚ್ಚಿಹೋಗಿತ್ತು. ತಡವಾದಷ್ಟೂ ಆಯ್ಕೆಗಳು ಕಮ್ಮಿಯಾಗುತ್ತವೆ, ಉಳಿದದ್ದೇ ಒಳ್ಳೆಯದಾಗಿ ಕಾಣುತ್ತದೆ. ಡಿಸೆಂಬರಿನಲ್ಲಿ ಯಾಕೆ ಯಾರೂ ಮಾಡಲಿಲ್ಲ ಅಂದರೆ, ಡಿಸೆಂಬರಿನಲ್ಲಿ ಪರಿಸ್ಥಿತಿ ಇನ್ನೂ ‘ಸಾಕು’ ಮಟ್ಟಕ್ಕಿಂತ ಮೇಲೇ ಇತ್ತು. ಸೈಮನ್ ಮಾತಿನಲ್ಲಿ ಹೇಳುವುದಾದರೆ, ಮಟ್ಟಕ್ಕಿಂತ ಕೆಳಗೆ ಬೀಳುವವರೆಗೆ ಹುಡುಕಾಟವೇ ಶುರುವಾಗುವುದಿಲ್ಲ. ಲಾತೂರಿನಲ್ಲಿ ನನಗೆ ನಿಜವಾದ ತಪ್ಪು ಕಾಣುವುದು ಇಲ್ಲಿ, ರೈಲಿನಲ್ಲಿ ಅಲ್ಲ.

ಕಚೇರಿಗಳಲ್ಲಿ ಸಮಸ್ಯೆ ಹರಿದು ಹಂಚಿಹೋಗುವುದೂ ಇದಕ್ಕೆ ಸೇರಿಕೊಂಡಿದೆ. ಅಣೆಕಟ್ಟೆ ನೀರಾವರಿ ಇಲಾಖೆಯದು. ಊರೊಳಗಿನ ಪೈಪು ಮಹಾನಗರ ಪಾಲಿಕೆಯದು. ಹಳಿ, ವ್ಯಾಗನ್ ರೈಲ್ವೆಯದು. ಕಬ್ಬು ಬೇರೆ ಇಲಾಖೆ. ಪ್ರತಿಯೊಬ್ಬರೂ ತಮ್ಮ ತುಂಡಿನಲ್ಲಿ ‘ನಮ್ಮ ಕೆಲಸ ಮಾಡಿದ್ದೇವೆ’ ಅನ್ನಬಹುದು. ರೈಲ್ವೆಯ ಲೆಕ್ಕದಲ್ಲಿ ಗೆಲುವು ಅಂದರೆ ರೇಕ್ ಹೊತ್ತಿಗೆ ಸರಿಯಾಗಿ ತಲುಪುವುದು. ಆ ಲೆಕ್ಕದಲ್ಲಿ ಅವರು ಚೆನ್ನಾಗಿಯೇ ಮಾಡಿದರು. 118 ದಿನದ ಆಸುಪಾಸಿನಲ್ಲಿ 111 ಟ್ರಿಪ್ ಅಂದರೆ ಹೆಚ್ಚುಕಮ್ಮಿ ದಿನಕ್ಕೊಂದು. ಬಾವಿಗೆ ಬಿದ್ದ ನೀರು ಆಮೇಲೆ ಯಾವ ಗಲ್ಲಿಯ ಯಾವ ಮನೆಗೆ ಹೋಯಿತು ಅನ್ನುವುದು ಆ ಲೆಕ್ಕದ ಹೊರಗೆ. ಮಿಲ್ವಾಕಿಯಲ್ಲಿ ಹುಲ್ಲು ನೋಡುವವರು, ಮಕ್ಕಳನ್ನು ನೋಡುವವರು ಬೇರೆ ಬೇರೆ ಇದ್ದ ಹಾಗೆಯೇ ಇದು.

ಹಾಗಂತ ‘ಸಾಕು’ ಅಂದ ಅಧಿಕಾರಿಯನ್ನು ಸೋಮಾರಿ ಅಂತ ತಳ್ಳಿಹಾಕುವುದು ಸುಮ್ನೆ ಬಾಯಿಮಾತು. ಸೋಮಾರಿತನಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವ ಒಂದು ಗುರುತಿದೆ. ‘ಇಷ್ಟು ಬೇಕು’ ಅಂತ ಮೊದಲು ಬರೆದು ಆಮೇಲೆ ದಾರಿ ಹುಡುಕಿದ್ದಾರೋ, ದಾರಿ ಸಿಕ್ಕಿದ ಮೇಲೆ ಅದಕ್ಕೆ ಹೊಂದುವ ‘ಇಷ್ಟು’ ಬರೆದಿದ್ದಾರೋ ಅನ್ನುವುದನ್ನು ನೋಡಬೇಕು. ಕಡತದಲ್ಲಿ ತಾರೀಕು ನೋಡಿದರೆ ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಇನ್ನೊಂದು ಗುರುತು, ತುರ್ತು ಕಳೆದ ಮೇಲೆ ಆ ಕಡತ ಮತ್ತೆ ತೆರೆಯಿತಾ ಅನ್ನುವುದು. ‘ಸದ್ಯಕ್ಕೆ’ ಅಂತ ಒಪ್ಪಿಗೆ ಪಡೆದ ದಾರಿಗೆ ಮರುಪರಿಶೀಲನೆಯ ತಾರೀಕು ಇಲ್ಲದಿದ್ದರೆ ಆ ‘ಸದ್ಯ’ ಮುಗಿಯುವುದೇ ಇಲ್ಲ.

ಲಾತೂರಿನಲ್ಲಿ ಆಗಸ್ಟ್‌ನಲ್ಲಿ ಮಳೆ ಬಂದು ರೈಲು ನಿಂತಿತು. ಮುಂಗಾರಿನ ಕೊನೆಗೆ, ಸೆಪ್ಟೆಂಬರ್ ಅಂತ್ಯದ ಆಸುಪಾಸಿನ ಜೋರು ಮಳೆಗೆ ಮಾಂಜರಾ ತುಂಬಿತು. ಮತ್ತೆ ನಲ್ಲಿ ಬಂತು. ಮಟ್ಟ ಮತ್ತೆ ಮೇಲೇರಿತು, ಹುಡುಕಾಟಕ್ಕೆ ತುರ್ತು ಉಳಿಯಲಿಲ್ಲ. ಆ ವರ್ಷ ಅಣೆಕಟ್ಟೆ ತುಂಬದೆ ಹೋಗಿದ್ದರೆ ಆಡಳಿತ ದೊಡ್ಡ ದಾರಿಗಳ ಕಡೆಗೆ ಬಲವಂತವಾಗಿಯಾದರೂ ಹೊರಳಬೇಕಿತ್ತು. ಮಳೆ ಊರನ್ನು ಉಳಿಸಿತು, ಜೊತೆಗೆ ಆ ಒತ್ತಾಯವನ್ನೂ ತೆಗೆದುಹಾಕಿತು.

ಮೂರು ವರ್ಷದ ನಂತರ ಚೆನ್ನೈನಲ್ಲಿ ಕೆರೆಗಳು ಒಣಗಿದಾಗ ತಮಿಳುನಾಡಿನ ಅಧಿಕಾರಿಗಳು ಜೋಲಾರಪೇಟೆಯಿಂದ ಕಾವೇರಿ ನೀರನ್ನು ರೈಲಿನಲ್ಲಿ ತಂದರು. ಮೊದಲ ರೈಲು 2019ರ ಜುಲೈ 12ರಂದು ಬಂತು. ಲಾತೂರಿಗಿಂತ ಎಷ್ಟೋ ಪಟ್ಟು ದೊಡ್ಡ ಊರು, ಬೇರೆ ನದಿ, ಬೇರೆ ಸರ್ಕಾರ. ರೈಲಿನಲ್ಲಿದ್ದದ್ದು ಮಾತ್ರ ಅದೇ 50 ವ್ಯಾಗನ್, ಅದೇ 25 ಲಕ್ಷ ಲೀಟರ್. ಒಂದು ರೇಕಿಗೆ ಅಷ್ಟೇ ಹಿಡಿಯುವುದು.